ಗುಂಗುರು ಕೂದಲು, ಬಿಳಿ ಅಂಗಿ, ತಿಳಿ ಗೋಡೆ: ಫೋನಿನಲ್ಲೇ ಮಾಸ್ಕ್ ತಿದ್ದಿದ ದಾಖಲೆ

ಕೆಲಸ ಇಷ್ಟು. ಒಬ್ಬರು ನಿಂತಿರುವ ಫೋಟೋ, 3000×4000 ಪಿಕ್ಸೆಲ್. ಹಿಂದೆ ತಿಳಿ ಕೆನೆಬಣ್ಣದ ಗೋಡೆ. ಮೈಮೇಲೆ ಬಿಳಿ ತುಂಬುತೋಳಿನ ಅಂಗಿ, ಒಂದು ಕೈ ಸೊಂಟದ ಮೇಲೆ, ಬಿಚ್ಚಿಬಿಟ್ಟ ಕಪ್ಪು ಗುಂಗುರು ಕೂದಲು. ಗೋಡೆ ತೆಗೆದು ಎರಡು ಪ್ರತಿ ಮಾಡಬೇಕು: ಒಂದಕ್ಕೆ ತಿಳಿನೀಲಿ ಹಿನ್ನೆಲೆ, ಇನ್ನೊಂದಕ್ಕೆ ಕಡುನೀಲಿ.

ಬಳಸಿದ್ದು ಫೋನ್ ಮಾತ್ರ. ತಾನಾಗಿಯೇ ಬ್ಯಾಕ್‌ಗ್ರೌಂಡ್ ತೆಗೆಯುವ ಒಂದು ಆ್ಯಪ್, ಲೇಯರ್ ಇರುವ ಒಂದು ಡ್ರಾಯಿಂಗ್ ಆ್ಯಪ್ (ಕ್ಲಿಪ್ಪಿಂಗ್ ಮತ್ತು ಮಲ್ಟಿಪ್ಲೈ ಎರಡೂ ಇರಲೇಬೇಕು, ಐಬಿಸ್‌ಪೇಂಟ್‌ನಲ್ಲಿ ಇವೆ), ರಬ್ಬರ್ ತುದಿಯ ಒಂದು ಸಾಮಾನ್ಯ ಸ್ಟೈಲಸ್. ಒಟ್ಟು ಹಿಡಿದ ಸಮಯ 1 ಗಂಟೆ 25 ನಿಮಿಷ. ಅದರಲ್ಲಿ 35 ನಿಮಿಷವನ್ನು ಕೂದಲೇ ತಿಂದಿತು.

ಹಂತ 1: ಆ್ಯಪ್ ಕೊಟ್ಟದ್ದನ್ನು ಪರೀಕ್ಷಿಸುವುದು (5 ನಿಮಿಷ)

ಒಂದು ಸಲ ಒತ್ತಿದ್ದಕ್ಕೆ ಎರಡು ಸೆಕೆಂಡಿನಲ್ಲಿ ಗೋಡೆ ಹೋಯಿತು. ಆ್ಯಪ್ ತೋರಿಸಿದ್ದು ಬಿಳಿ ಹಿನ್ನೆಲೆಯ ಮೇಲೆ. ಅಲ್ಲಿ ನೋಡಿದರೆ ಎಲ್ಲವೂ ಸರಿಯಾಗಿರುವಂತೆ ಕಂಡಿತು. ಮೊದಲ ತಪ್ಪು ಆದದ್ದೇ ಇಲ್ಲಿ: ಅದನ್ನೇ ನಂಬಿ ಸೇವ್ ಮಾಡಿದ್ದು. ಕಡುನೀಲಿಯ ಮೇಲೆ ಇಟ್ಟ ಕೂಡಲೇ ನಾಲ್ಕು ದೋಷ ಒಟ್ಟಿಗೆ ಎದ್ದು ಕಂಡವು.

ಮೊಣಕೈ ಹತ್ತಿರ ಅಂಗಿಯ ತೋಳಿನಲ್ಲಿ ಸುಮಾರು 180 ಪಿಕ್ಸೆಲ್ ಉದ್ದದ ತುಂಡೇ ಇರಲಿಲ್ಲ. ಎದೆಯ ಮೇಲೆ ಅಂಗಿ ಅಲ್ಲಲ್ಲಿ ನೀಲಿಯಾಗಿ ಕಾಣುತ್ತಿತ್ತು. ಎಂದರೆ ಆ ಜಾಗದಲ್ಲಿ ಮಾಸ್ಕ್ ಪೂರ್ತಿ ಇಲ್ಲ, ಅರೆಬರೆ ಇದೆ. ಸೊಂಟ ಮತ್ತು ಕೈ ನಡುವಿನ ತ್ರಿಕೋನದಲ್ಲಿ ಗೋಡೆ ಹಾಗೇ ಉಳಿದಿತ್ತು. ಕೂದಲಿನ ಸುತ್ತ ತಿಳಿಬಣ್ಣದ ಒಂದು ಮಂದ ಉಂಗುರವಿತ್ತು.

ಮಾಸ್ಕ್ ಎಂದರೆ ಬೇರೇನೂ ಅಲ್ಲ, ಫೋಟೋದಷ್ಟೇ ಅಳತೆಯ ಒಂದು ಕಪ್ಪುಬಿಳುಪು ಚಿತ್ರ. 255 ಇದ್ದಲ್ಲಿ ಪೂರ್ತಿ ಕಾಣುತ್ತದೆ, 0 ಇದ್ದಲ್ಲಿ ಕಾಣುವುದಿಲ್ಲ, ನಡುವಿನ ಸಂಖ್ಯೆ ಇದ್ದಲ್ಲಿ ಹಿಂದಿನದು ಹಾದು ಕಾಣುತ್ತದೆ. ಬಿಳಿ ಅಂಗಿಯಲ್ಲಿ 150 ಇದ್ದರೂ ಹಿಂದೆ ಬಿಳಿಯೇ ಇದ್ದರೆ ಯಾರ ಕಣ್ಣಿಗೂ ಬೀಳದು. ಆದ್ದರಿಂದ ಪರೀಕ್ಷೆಯನ್ನು ಕಪ್ಪು ಅಥವಾ ಕಡುಬಣ್ಣದ ಮೇಲೆ ಒಮ್ಮೆ, ಬಿಳಿಯ ಮೇಲೆ ಒಮ್ಮೆ, ಫೋಟೋದಲ್ಲಿ ಎಲ್ಲೂ ಇಲ್ಲದ ಗಾಢ ಹಸಿರಿನಂಥ ಬಣ್ಣದ ಮೇಲೆ ಒಮ್ಮೆ, ಹೀಗೆ ಮೂರು ಸಲ ಮಾಡಬೇಕು. ಬಿಳಿ ಬಟ್ಟೆಯ ತೂತು ಕಪ್ಪಿನ ಮೇಲೆ ಕಾಣುತ್ತದೆ, ಕಪ್ಪು ಕೂದಲಿನ ತೂತು ಬಿಳಿಯ ಮೇಲೆ ಕಾಣುತ್ತದೆ, ಎರಡರಲ್ಲೂ ತಪ್ಪಿಸಿಕೊಂಡದ್ದು ಹಸಿರಿನ ಮೇಲೆ ಸಿಗುತ್ತದೆ.

ಹಂತ 2: ತಿದ್ದಲು ಬರುವಂತೆ ಲೇಯರ್ ಜೋಡಿಸುವುದು

ಹೆಚ್ಚಿನ ಆ್ಯಪ್‌ಗಳಲ್ಲಿ ಎರೇಸ್, ರಿಸ್ಟೋರ್ ಎಂಬ ಎರಡು ಬ್ರಶ್ ಇರುತ್ತವೆ. ಒಂದು ಅಳಿಸುತ್ತದೆ, ಇನ್ನೊಂದು ಮೂಲ ಫೋಟೋದಿಂದ ಮರಳಿ ತರುತ್ತದೆ. ಸಣ್ಣ ಕೆಲಸಕ್ಕೆ ಅಷ್ಟೇ ಸಾಕು. ತೊಂದರೆ ಬರುವುದು ಪಿಎನ್‌ಜಿ ಸೇವ್ ಮಾಡಿ ಹೊರಬಂದ ಮೇಲೆ. ಆ ಫೈಲನ್ನು ಮತ್ತೆ ತೆರೆದರೆ ರಿಸ್ಟೋರ್‌ಗೆ ಏನೂ ಸಿಗುವುದಿಲ್ಲ, ಅಳಿದ ಭಾಗ ಅದರಲ್ಲಿ ಇಲ್ಲವೇ ಇಲ್ಲ. ಐಫೋನಿನಲ್ಲಿ 2022ರ ಐಒಎಸ್ 16ರಿಂದ ಫೋಟೋ ಮೇಲೆ ಬೆರಳು ಒತ್ತಿಹಿಡಿದರೆ ವಸ್ತು ಎದ್ದು ಬರುತ್ತದಲ್ಲ, ಅದರದೂ ಇದೇ ಕಥೆ. ಎತ್ತಿ ಕೊಡುತ್ತದೆ, ತಿದ್ದಲು ಬ್ರಶ್ ಕೊಡುವುದಿಲ್ಲ.

ಹಾಗಾಗಿ ಡ್ರಾಯಿಂಗ್ ಆ್ಯಪ್‌ನಲ್ಲಿ ಹೀಗೆ ಜೋಡಿಸಿದ್ದಾಯಿತು. ಮೂಲ ಫೋಟೋದಿಂದಲೇ ಹೊಸ ಕ್ಯಾನ್ವಾಸ್, ಆಗ ಅಳತೆ 3000×4000 ತಾನಾಗಿ ಬರುತ್ತದೆ. ಎಲ್ಲಕ್ಕಿಂತ ಕೆಳಗೆ ಕಡುನೀಲಿ ತುಂಬಿದ ಲೇಯರ್. ಅದರ ಮೇಲೆ ಆ್ಯಪ್ ಕತ್ತರಿಸಿ ಕೊಟ್ಟ ಪಿಎನ್‌ಜಿ. ಇದನ್ನು ಆಕಾರದ ಲೇಯರ್ ಎನ್ನೋಣ. ಅದರ ಮೇಲೆ ಮೂಲ ಫೋಟೋ, ಕ್ಲಿಪ್ಪಿಂಗ್ ಆನ್ ಮಾಡಿ. ಈಗ ಮೂಲ ಫೋಟೋ ಕಾಣುವುದು ಕೆಳಗಿನ ಆಕಾರ ಇದ್ದಷ್ಟು ಜಾಗದಲ್ಲಿ ಮಾತ್ರ. ಆಕಾರದ ಲೇಯರಿನಲ್ಲಿ ಯಾವುದೇ ಬಣ್ಣ ಬಳಿದರೂ ಸಾಕು, ಆ ಜಾಗದ ಫೋಟೋ ಮರಳಿ ಬರುತ್ತದೆ. ಅಲ್ಲಿ ಅಳಿಸಿದರೆ ಫೋಟೋ ಮರೆಯಾಗುತ್ತದೆ. ಮೂಲ ಫೋಟೋಗೆ ಒಂದು ಪಿಕ್ಸೆಲ್ ಧಕ್ಕೆಯಿಲ್ಲ. ನಾಳೆ ತೆರೆದರೂ ತಿದ್ದಬಹುದು.

ಒಂದು ಎಚ್ಚರಿಕೆ. ಕೆಲವು ಆ್ಯಪ್‌ಗಳು ಸುತ್ತಲಿನ ಖಾಲಿ ಜಾಗವನ್ನು ಕತ್ತರಿಸಿ ಚಿಕ್ಕ ಪಿಎನ್‌ಜಿ ಕೊಡುತ್ತವೆ, ಇನ್ನು ಕೆಲವು ಉಚಿತ ಬಳಕೆಗೆ ಅಳತೆಯನ್ನೇ ಇಳಿಸುತ್ತವೆ. ಗ್ಯಾಲರಿಯಲ್ಲಿ ಫೈಲಿನ ವಿವರ ತೆರೆದು 3000×4000 ಇದೆಯೇ ನೋಡಬೇಕು. ಇಲ್ಲದಿದ್ದರೆ ಎರಡು ಲೇಯರ್ ಒಂದರ ಮೇಲೊಂದು ಕೂರುವುದಿಲ್ಲ. ಮೊದಲು ಬಳಸಿದ ಆ್ಯಪ್ ಹೀಗೆ ಕತ್ತರಿಸಿಯೇ ಕೊಟ್ಟಿತ್ತು. ಕೈಯಿಂದ ಸರಿಸಿ ಹೊಂದಿಸಲು ಹೋಗಿ ಎಲ್ಲೋ 3 ಪಿಕ್ಸೆಲ್ ಜಾರಿತು, ಒಂದು ಕಡೆಯ ಅಂಚಿಗೆಲ್ಲ ಗೋಡೆಯ ಗೆರೆ ಬಂತು. ಅದನ್ನು ಬಿಟ್ಟು, ಪೂರ್ತಿ ಅಳತೆ ಉಳಿಸುವ ಇನ್ನೊಂದು ಆ್ಯಪ್ ಹಿಡಿದ ಮೇಲೆ ಸರಿಹೋಯಿತು.

ಹಂತ 3: ಗೋಡೆಯಲ್ಲಿ ಕರಗಿದ ತೋಳು (20 ನಿಮಿಷ)

ಬಿಳಿ ತೋಳು, ಕೆನೆಬಣ್ಣದ ಗೋಡೆ, ಎರಡಕ್ಕೂ ಬೆಳಕು ಒಂದೇ ಕಡೆಯಿಂದ. ಹೊಳಪಿನಲ್ಲಿ ಎರಡೂ ಹತ್ತಿರ ಹತ್ತಿರ ಇರುವುದರಿಂದ ಅಂಚು ಎಲ್ಲಿದೆ ಎಂದು ಆ್ಯಪ್‌ಗೆ ತಿಳಿಯಲಿಲ್ಲ.

ಮೊದಲ ಪ್ರಯತ್ನ: ಆಕಾರದ ಲೇಯರಿನಲ್ಲಿ 60 ಪಿಕ್ಸೆಲ್ ಬ್ರಶ್‌ನಿಂದ ಅಂದಾಜಿನ ಮೇಲೆ ಮೊಣಕೈ ತುಂಬಿದ್ದು. ಅಂಚು ನುಣುಪಾದ ಬಿಲ್ಲಿನಂತೆ ಬಂತು. ಬಟ್ಟೆಯ ತೋಳು ಹಾಗೆ ಇರುವುದಿಲ್ಲ; ಮಡಿಕೆ ಬೀಳುವಲ್ಲಿ ಒಳಕ್ಕೆ ಹೋಗುತ್ತದೆ, ಉಬ್ಬುವಲ್ಲಿ ಮೂಲೆ ಬರುತ್ತದೆ. ತುಂಬಿದ ಕಡೆ ಗೋಡೆಯ ತುಣುಕೂ ಸೇರಿ ಬಂದಿತ್ತು. ಪೂರ್ತಿ ಅನ್‌ಡು.

ಎರಡನೆಯ ಪ್ರಯತ್ನ: ಗ್ಯಾಲರಿಯ ಎಡಿಟರಿನಲ್ಲಿ ಮೂಲದ ಒಂದು ನಕಲು ಮಾಡಿ, ಹೈಲೈಟ್ಸ್ ಪೂರ್ತಿ ಇಳಿಸಿ, ಕಾಂಟ್ರಾಸ್ಟ್ ಅರ್ಧದಷ್ಟು ಏರಿಸಿ, ಸ್ಯಾಚುರೇಶನ್ ಕೊನೆಯವರೆಗೆ ಎಳೆದದ್ದು. ಗೋಡೆ ಹಳದಿಯಾಯಿತು, ಅಂಗಿ ಸ್ವಲ್ಪ ನೀಲಿಯತ್ತ ತಿರುಗಿತು. ಹೊಳಪಿನಲ್ಲಿ ಕಾಣದಿದ್ದ ಅಂಚು ಬಣ್ಣದಲ್ಲಿ ಕಂಡಿತು. ಈ ನಕಲನ್ನು ಅದೇ ಆ್ಯಪ್‌ಗೆ ಕೊಟ್ಟಾಗ ತೋಳು ಮಡಿಕೆ ಸಮೇತ ಬಂತು. ಮಣಿಕಟ್ಟಿನ ಹತ್ತಿರ 20 ಪಿಕ್ಸೆಲ್‌ನಷ್ಟು ಮಾತ್ರ ಬಿಟ್ಟುಹೋಗಿತ್ತು. ಬಣ್ಣ ಕೆಟ್ಟಿದ್ದರೂ ಚಿಂತೆಯಿಲ್ಲ. ನಮಗೆ ಬೇಕಾದದ್ದು ಆಕಾರ ಮಾತ್ರ. ಇದನ್ನು ಹೊಸ ಆಕಾರದ ಲೇಯರಾಗಿ ಹಾಕಿ ಹಳೆಯದನ್ನು ತೆಗೆದಾಯಿತು. ಮೇಲೆ ಕ್ಲಿಪ್ ಆಗಿರುವ ಮೂಲ ಫೋಟೋದ ಬಣ್ಣ ಇದ್ದಂತೆಯೇ ಇರುತ್ತದೆ. ಈ ಒಂದು ಕಾರಣಕ್ಕೇ ಹಂತ 2ರ ಜೋಡಣೆಗೆ ತಗಲುವ ಹೊತ್ತು ವ್ಯರ್ಥವಲ್ಲ.

ಗೋಡೆ ಮತ್ತು ಬಟ್ಟೆ ಎರಡೂ ಒಂದೇ ಬಿಳಿ ಆಗಿದ್ದರೆ ಈ ಉಪಾಯ ನಡೆಯದು. ಆಗ ಬಟ್ಟೆಯ ನೆರಳು ಗೋಡೆಯ ಮೇಲೆ ಬಿದ್ದಿರುವ ಸಣ್ಣ ಗೆರೆಯನ್ನು ಹಿಡಿದು ಕೈಯಲ್ಲೇ ಅಂಚು ಎಳೆಯಬೇಕಾಗುತ್ತದೆ.

ಎದೆಯ ಅರೆಬರೆ ಜಾಗಗಳನ್ನು ಆಕಾರದ ಲೇಯರಿನಲ್ಲಿ 120 ಪಿಕ್ಸೆಲ್‌ನ ಗಟ್ಟಿ ಬ್ರಶ್‌ನಿಂದ ತುಂಬಿದ್ದು. ಬ್ರಶ್‌ನ ಓಪಾಸಿಟಿ 100 ಇರಲೇಬೇಕು. ಮೊದಲು 60 ಇಟ್ಟು ಉಜ್ಜಿದಾಗ ಒಂದೊಂದು ಗೆರೆಗೆ ಒಂದೊಂದು ದಪ್ಪ ಕೂತು, ಅಂಗಿಯ ಮೇಲೆ ಪಟ್ಟೆ ಪಟ್ಟೆಯಾಗಿ ನೀಲಿ ಇಣುಕಿತು. ಒಳಭಾಗಕ್ಕೆ ಮೃದು ಬ್ರಶ್‌ನಿಂದ ಏನೂ ಲಾಭವಿಲ್ಲ, ಅದು ಅಂಚಿನ ಕೆಲಸಕ್ಕೆ.

ಹಂತ 4: ಕೈ ಮತ್ತು ಸೊಂಟದ ನಡುವಿನ ಸಂದು (10 ನಿಮಿಷ)

ಸುತ್ತಲೂ ಮೈಯೇ ಇರುವ ಇಂಥ ಸಂದುಗಳನ್ನು ಆ್ಯಪ್ ವಸ್ತುವಿನ ಭಾಗವೆಂದೇ ಎಣಿಸುವುದು ಹೆಚ್ಚು. ಬಟ್ಟಲಿನ ಹಿಡಿ, ಕುರ್ಚಿಯ ಬೆನ್ನಿನ ಪಟ್ಟಿಗಳ ನಡು, ಸೈಕಲ್ ಕಡ್ಡಿಗಳ ನಡು, ಎಲ್ಲಕ್ಕೂ ಇದೇ ರೋಗ.

ಸಂದಿನ ಅತಿ ಅಗಲದ ಜಾಗ 140 ಪಿಕ್ಸೆಲ್. ಜೂಮ್ 400ಕ್ಕೆ ಏರಿಸಿ, ಆಕಾರದ ಲೇಯರಿನಲ್ಲಿ 50 ಪಿಕ್ಸೆಲ್ ಎರೇಸರಿನಿಂದ ನಡುವಿನಿಂದ ಶುರು ಮಾಡಿ ಹೊರಕ್ಕೆ ಬಂದದ್ದು. ಅಂಚಿಗೆ 10 ಪಿಕ್ಸೆಲ್ ಉಳಿದಾಗ ಎರೇಸರನ್ನು 12ಕ್ಕೆ ಇಳಿಸಿ, ಗಟ್ಟಿತನವನ್ನು ಶೇಕಡಾ 80ರ ಹತ್ತಿರ ಇಟ್ಟು, ಅಂಚಿನ ಗೆರೆಗೆ ಸಮಾನಾಂತರವಾಗಿ ಎಳೆದದ್ದು. ಕೊನೆಯ ಗೆರೆ ಅಂಚಿನ ಒಳಕ್ಕೆ 1 ಪಿಕ್ಸೆಲ್ ಹೋಗಬೇಕು. ಸರಿಯಾಗಿ ಅಂಚಿನಲ್ಲೇ ನಿಂತರೆ ಗೋಡೆಯ ಬಣ್ಣ ಬೆರೆತ ಪಿಕ್ಸೆಲ್‌ಗಳು ಉಳಿಯುತ್ತವೆ.

ಬರಿಬೆರಳಿನಲ್ಲಿ ಮಾಡಿದ ಮೊದಲ ಸುತ್ತಿನಲ್ಲಿ ಹೆಬ್ಬೆರಳಿನ ಉಗುರಿನ ಅರ್ಧ ಹಾರಿಹೋಯಿತು, ಏಕೆಂದರೆ ಅಳಿಸುವ ಜಾಗವನ್ನು ಬೆರಳೇ ಮುಚ್ಚಿಕೊಂಡಿತ್ತು. ಸ್ಟೈಲಸ್ ಹಿಡಿದ ಮೇಲೆ ಈ ತೊಂದರೆ ಕಡಿಮೆಯಾಯಿತು. ಕೆಲವು ಆ್ಯಪ್‌ಗಳಲ್ಲಿ ಬ್ರಶ್‌ನ ತುದಿ ಬೆರಳಿಗಿಂತ ಮೇಲೆ ನಿಲ್ಲುವಂತೆ ಮಾಡುವ ಆಫ್‌ಸೆಟ್ ಇರುತ್ತದೆ; ಸ್ಟೈಲಸ್ ಇಲ್ಲದವರಿಗೆ ಅದೇ ದಾರಿ. ಇನ್ನೊಂದು: ಕೆಲವು ಆ್ಯಪ್‌ಗಳಲ್ಲಿ ಬ್ರಶ್‌ನ ಅಳತೆ ಪರದೆಯದು, ಚಿತ್ರದ್ದಲ್ಲ. ಅಲ್ಲಿ ಜೂಮ್ ಏರಿಸಿದಷ್ಟೂ ಬ್ರಶ್ ಚಿತ್ರದ ಮೇಲೆ ಸಣ್ಣದಾಗುತ್ತದೆ. ಬ್ರಶ್ ಸಾಕಷ್ಟು ಸಣ್ಣದಾಗುತ್ತಿಲ್ಲ ಎನಿಸಿದರೆ ಮೊದಲು ಜೂಮ್ ಮಾಡಿ ನೋಡಬೇಕು.

ಹಂತ 5: ಕೂದಲು (35 ನಿಮಿಷ)

ಇಲ್ಲಿ ಆ್ಯಪ್ ಏಕೆ ಸೋಲುತ್ತದೆ ಎಂಬುದು ಲೆಕ್ಕದಲ್ಲೇ ಇದೆ. ವಸ್ತು ಯಾವುದು ಹಿನ್ನೆಲೆ ಯಾವುದು ಎಂದು ಗುರುತಿಸಲು ಫೋನಿನಲ್ಲಿ ಓಡುವ ಎಐ ಮಾಡೆಲ್‌ಗಳು ಫೋಟೋವನ್ನು ಪೂರ್ತಿ ಅಳತೆಯಲ್ಲಿ ನೋಡುವುದಿಲ್ಲ, ಕುಗ್ಗಿಸಿ ನೋಡುತ್ತವೆ. ಗೂಗಲ್‌ನ ಮೀಡಿಯಾಪೈಪ್‌ನಲ್ಲಿರುವ ಸೆಲ್ಫಿ ಮಾಡೆಲ್ ತೆಗೆದುಕೊಳ್ಳುವುದು 256×256. ನಮ್ಮ 3000×4000ನ್ನು ಅದಕ್ಕೆ ಇಳಿಸಿದರೆ ಮಾಸ್ಕಿನ ಒಂದು ಚೌಕ ಫೋಟೋದ ಸುಮಾರು 12 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರವನ್ನು ಮುಚ್ಚುತ್ತದೆ. ಈ ಫೋಟೋದಲ್ಲಿ ಒಂದು ಕೂದಲೆಳೆಯ ದಪ್ಪ 2ರಿಂದ 4 ಪಿಕ್ಸೆಲ್. ಮಾಸ್ಕಿನಲ್ಲಿ ಎಳೆಗೆ ಜಾಗವೇ ಇಲ್ಲ, ಕೂದಲು ಮತ್ತು ಗೋಡೆ ಕಲಸಿದ ಒಂದು ಬೂದು ಮಾತ್ರ ಸಿಗುತ್ತದೆ. ಆ ಬೂದುವೇ ಕಡುನೀಲಿಯ ಮೇಲೆ ಉಂಗುರವಾಗಿ ಕಂಡದ್ದು. ಎಲ್ಲ ಮಾಡೆಲ್‌ಗಳೂ ಇಷ್ಟು ಚಿಕ್ಕವಲ್ಲ. 1024×1024 ತೆಗೆದುಕೊಳ್ಳುವುದಾದರೆ ಚೌಕ 3×4 ಪಿಕ್ಸೆಲ್‌ಗೆ ಇಳಿಯುತ್ತದೆ, ಆಗಲೂ ಅದು ಒಂದು ಎಳೆಯಷ್ಟೇ ದಪ್ಪ.

ಮೊದಲ ಪ್ರಯತ್ನ, ಎಲ್ಲರೂ ಮಾಡುವಂಥದ್ದೇ: 40 ಪಿಕ್ಸೆಲ್ ಮೃದು ಬ್ರಶ್‌ನಿಂದ ಕೂದಲಿನ ಅಂಚನ್ನು ಮರಳಿ ತಂದದ್ದು. ಎಳೆಗಳು ಬಂದವು, ಅವುಗಳ ನಡುವಿನ ಗೋಡೆಯೂ ಬಂತು. ತಲೆಗೆ ಟೋಪಿ ಹಾಕಿದಂತೆ ಆಯಿತು. ರಿಸ್ಟೋರ್ ಬ್ರಶ್‌ಗೆ ಕೂದಲು ಯಾವುದು ಗೋಡೆ ಯಾವುದು ಎಂಬ ಭೇದವಿಲ್ಲ, ಇದ್ದದ್ದನ್ನು ತರುತ್ತದೆ ಅಷ್ಟೆ. ಎಳೆ ಎಳೆಯಾದ ಅಂಚಿಗೆ ಈ ಬ್ರಶ್ ತಪ್ಪು ಸಾಧನ.

ಎರಡನೆಯ ಪ್ರಯತ್ನ ಅರ್ಧ ಫಲ ಕೊಟ್ಟಿತು: ತಲೆಯಷ್ಟನ್ನೇ ಕತ್ತರಿಸಿ ಆ್ಯಪ್‌ಗೆ ಕೊಡುವುದು. ಕಡಿಮೆ ಜಾಗಕ್ಕೆ ಅಷ್ಟೇ ಚೌಕಗಳು ಸಿಕ್ಕರೆ ಒಂದೊಂದು ಚೌಕವೂ ಸಣ್ಣದಾಗುತ್ತದೆ. ತಲೆ ಫೋಟೋದ ಎಡ-ಮೇಲ್ಭಾಗದಲ್ಲಿತ್ತು. ಹಾಗಾಗಿ ಎಡ ಮೇಲಿನ ಮೂಲೆಯನ್ನು ಹಾಗೇ ಉಳಿಸಿಕೊಂಡು 1600×1350 ಕ್ರಾಪ್ ಮಾಡಿದ್ದು. 256ರ ಲೆಕ್ಕದಲ್ಲಿ ಚೌಕ 12×16ರಿಂದ ಸುಮಾರು 6×5ಕ್ಕೆ ಇಳಿಯಿತು. ಮೂಲೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ: ಫಲಿತಾಂಶವನ್ನು ಕ್ಯಾನ್ವಾಸಿಗೆ ತರುವಾಗ ಶೇಕಡಾ 100 ಅಳತೆಯಲ್ಲಿ ಇಟ್ಟು, ಅದೇ ಮೂಲೆಗೆ ತಾಗಿಸಿದರೆ ಸಾಕು, ಹೊಂದಾಣಿಕೆಗೆ ಕಣ್ಣಳತೆ ಬೇಕಿಲ್ಲ. ಆ್ಯಪ್ ತಾನಾಗಿ ಪರದೆಗೆ ಹಿಗ್ಗಿಸಿ ಕೂರಿಸಿದರೆ ಅಳತೆಯನ್ನು ಮತ್ತೆ 100ಕ್ಕೆ ತರಬೇಕು. ಆಕಾರದ ಲೇಯರಿನಲ್ಲಿ ಕಿವಿಯಿಂದ ಮೇಲಿನ ಭಾಗ ಅಳಿಸಿ, ಅಲ್ಲಿ ಇದನ್ನು ಸೇರಿಸಿದ್ದಾಯಿತು. ಕ್ರಾಪಿನ ಕೆಳ ಅಂಚು ಭುಜದ ಮೇಲೆ ಬೀಳುವುದರಿಂದ ಹೊಲಿಗೆ ಕಾಣಲಿಲ್ಲ. ಸುರುಳಿಗಳ ದೊಡ್ಡ ಗೊಂಚಲುಗಳು ಬೇರೆ ಬೇರೆಯಾಗಿ ಬಂದವು. ಒಂಟಿ ಎಳೆಗಳು ಬರಲಿಲ್ಲ, ಬರುತ್ತವೆ ಎಂಬ ನಿರೀಕ್ಷೆಯೂ ಬೇಡ.

ಉಳಿದದ್ದಕ್ಕೆ ಎರಡು ಹಿನ್ನೆಲೆಗೂ ಬೇರೆ ಬೇರೆ ದಾರಿ.

ತಿಳಿನೀಲಿಗೆ ಮಲ್ಟಿಪ್ಲೈ. ಮೂಲ ಫೋಟೋದ ಇನ್ನೊಂದು ನಕಲನ್ನು ಎಲ್ಲಕ್ಕಿಂತ ಮೇಲೆ, ಕ್ಲಿಪ್ ಇಲ್ಲದೆ ಇಟ್ಟು, ಲೆವೆಲ್ಸ್‌ನಲ್ಲಿ ಬಿಳಿಯ ತುದಿಯನ್ನು ಕೆಳಗೆ ಎಳೆದದ್ದು. ಕಲರ್ ಪಿಕರ್‌ನಲ್ಲಿ ಗೋಡೆಯ ಬಣ್ಣ 228, 222, 208 ಇತ್ತು. ಬಿಳಿಯ ತುದಿಯನ್ನು 205ಕ್ಕೆ ತಂದರೆ ಮೂರೂ 255 ಆಗಿ ಗೋಡೆ ಅಪ್ಪಟ ಬಿಳಿಯಾಗುತ್ತದೆ. ಆ ಲೇಯರನ್ನು ಮಲ್ಟಿಪ್ಲೈಗೆ ಬದಲಿಸಿದೊಡನೆ ಬಿಳಿ ಮಾಯವಾಗಿ ಕಪ್ಪು ಎಳೆಗಳು ಮಾತ್ರ ತಿಳಿನೀಲಿಯ ಮೇಲೆ ನಿಂತವು, ಒಂದೊಂದೂ ತನ್ನ ನಿಜವಾದ ದಪ್ಪದಲ್ಲಿ. ಬಳಿಕ ಆ ಲೇಯರಿನಲ್ಲಿ ಕೂದಲಿನ ಸುತ್ತಲಿನ ಸುಮಾರು 150 ಪಿಕ್ಸೆಲ್ ಪಟ್ಟಿ ಬಿಟ್ಟು ಮಿಕ್ಕದ್ದನ್ನೆಲ್ಲ ಅಳಿಸಿದ್ದು. ಕೆಳಗಿನ ಆಕಾರದ ಲೇಯರಿನಲ್ಲೂ ಕೂದಲಿನ ಬೂದು ಅಂಚನ್ನು ಗಟ್ಟಿ ಗೊಂಚಲು ಸಿಗುವವರೆಗೆ ಒಳಕ್ಕೆ ಕತ್ತರಿಸಬೇಕು, ಇಲ್ಲವಾದರೆ ಎಳೆಗಳ ಹಿಂದೆ ಹಳೆಯ ಉಂಗುರ ಇದ್ದೇ ಇರುತ್ತದೆ. ಭುಜದ ಹತ್ತಿರ ಗೋಡೆಯ ಮೇಲೆ ತಲೆಯ ನೆರಳು ಬಿದ್ದು ಬಣ್ಣ 185ರವರೆಗೆ ಇಳಿದಿತ್ತು. ಅಲ್ಲಿ ಬಿಳಿಯಾಗದೆ ಕೊಳೆಯಂಥ ಕಲೆ ಉಳಿಯಿತು. ಬಿಳಿಯ ತುದಿಯನ್ನು ಇನ್ನೂ ಎಳೆದರೆ ಎಳೆಗಳೂ ತೆಳುವಾಗುತ್ತವೆ. ಆದ್ದರಿಂದ ಆ ಕಲೆಯನ್ನು ಮೃದು ಎರೇಸರಿನಿಂದ ತೆಗೆದು, ಅಲ್ಲಿನ ನಾಲ್ಕೈದು ಎಳೆಗಳನ್ನು ಬಿಟ್ಟುಕೊಟ್ಟದ್ದೇ ಸರಿ ಎನಿಸಿತು.

ಕಡುನೀಲಿಗೆ ಮಲ್ಟಿಪ್ಲೈ ಕೆಲಸಕ್ಕೆ ಬಾರದು. ಅದು ಕಪ್ಪಾಗಿಸುತ್ತದೆಯೇ ಹೊರತು ಬೆಳಕು ತರುವುದಿಲ್ಲ. ಕಪ್ಪು ಎಳೆ ಕಡುನೀಲಿಯಲ್ಲಿ ಮುಳುಗಿಹೋಗುತ್ತದೆ. ಇಲ್ಲಿ ಮುಖ್ಯ ತಿಳಿ ಉಂಗುರವನ್ನು ತೆಗೆಯುವುದು. ಅದನ್ನು ಮೇಲಿನಂತೆಯೇ ಗಟ್ಟಿ ಗೊಂಚಲಿನವರೆಗೆ ಕತ್ತರಿಸಿ, ಎಲ್ಲಕ್ಕೂ ಮೇಲೆ ಹೊಸ ಖಾಲಿ ಲೇಯರ್ ಹಾಕಿ, 3 ಪಿಕ್ಸೆಲ್ ಬ್ರಶ್‌ನಲ್ಲಿ ಎಳೆ ಬರೆದದ್ದು. ಬಣ್ಣವನ್ನು ಬೆಳಕು ಬಿದ್ದ ಸುರುಳಿಯಿಂದ ಪಿಕರ್‌ನಲ್ಲಿ ಎತ್ತಿಕೊಳ್ಳಬೇಕು, ಅದು ಕಪ್ಪಲ್ಲ, ಕಂದು. ಗೊಂಚಲಿನ ಒಳಗಿನಿಂದ ಶುರು ಮಾಡಿ ಹೊರಕ್ಕೆ ಒಂದೇ ಬೀಸಿನಲ್ಲಿ ಎಳೆಯಬೇಕು, ಕೊನೆಗೆ ಸಪೂರವಾಗಬೇಕು. ಒಟ್ಟು 25 ಎಳೆ ಬರೆದದ್ದು. ಮೊದಲು 60 ಬರೆದಿದ್ದಾಗ ಕೂದಲು ಪೊರಕೆಯಂತೆ ಕಂಡಿತು. ಸಮ ಅಂತರದಲ್ಲಿ ಇದ್ದದ್ದೂ ಅದಕ್ಕೆ ಕಾರಣ. ಎರಡು ಮೂರು ಒಟ್ಟಿಗೆ, ಆಮೇಲೆ ಒಂದಿಷ್ಟು ಖಾಲಿ, ಮತ್ತೊಂದು ಒಂಟಿ, ಹೀಗೆ ಹಾಕಿದಾಗ ಸಹಜವಾಯಿತು.

ಹಂತ 6: ಅಂಚಿನ ತಿಳಿಗೆರೆ (12 ನಿಮಿಷ)

ಕಪ್ಪು ಪ್ಯಾಂಟಿನ ಮತ್ತು ಕುತ್ತಿಗೆಯ ಅಂಚಿನಲ್ಲಿ 2 ಪಿಕ್ಸೆಲ್‌ನ ಕೆನೆಬಣ್ಣದ ಗೆರೆ ಉಳಿದಿತ್ತು. ಇದು ಮಾಸ್ಕಿನ ತಪ್ಪಲ್ಲ. ಕ್ಯಾಮೆರಾ ಸೆರೆಹಿಡಿದ ಅಂಚಿನ ಪಿಕ್ಸೆಲ್‌ನಲ್ಲೇ ಗೋಡೆಯ ಬಣ್ಣ ಬೆರೆತಿರುತ್ತದೆ. ಮಾಸ್ಕ್ ಎಷ್ಟು ಕರಾರುವಾಕ್ಕಾಗಿದ್ದರೂ ಆ ಬಣ್ಣ ಜೊತೆಗೇ ಬರುತ್ತದೆ.

ಆಕಾರವನ್ನು ಎಲ್ಲ ಕಡೆಯಿಂದ 3 ಪಿಕ್ಸೆಲ್ ಕುಗ್ಗಿಸಿ ನೋಡಿದ್ದು ತಪ್ಪಾಯಿತು. ಗೆರೆ ಹೋಯಿತು, ಜೊತೆಗೆ ಬೆರಳುಗಳು ಸಣಕಲಾದವು. ಅನ್‌ಡು ಮಾಡಿ 1 ಪಿಕ್ಸೆಲ್ ಮಾತ್ರ ಕುಗ್ಗಿಸಿದ್ದು. ಉಳಿದ ಗೆರೆಗೆ, ಮೂಲ ಫೋಟೋದ ಮೇಲೆ ಇನ್ನೊಂದು ಖಾಲಿ ಲೇಯರ್ ಹಾಕಿ ಅದಕ್ಕೂ ಕ್ಲಿಪ್ಪಿಂಗ್ ಆನ್ ಮಾಡಿ, ಅಂಚಿನಿಂದ 10 ಪಿಕ್ಸೆಲ್ ಒಳಗಿನ ಬಣ್ಣ ಎತ್ತಿಕೊಂಡು 8 ಪಿಕ್ಸೆಲ್ ಮೃದು ಬ್ರಶ್‌ನಿಂದ ಅಂಚಿನುದ್ದಕ್ಕೂ ಸವರಿದ್ದು. ಪ್ರತಿ 100 ಪಿಕ್ಸೆಲ್‌ಗೆ ಒಮ್ಮೆ ಬಣ್ಣ ಹೊಸದಾಗಿ ಎತ್ತಿಕೊಳ್ಳಬೇಕು, ಇಲ್ಲದಿದ್ದರೆ ಅಂಚಿಗೆ ಬಣ್ಣದ ಗೆರೆ ಎಳೆದಂತಾಗುತ್ತದೆ. ಆಕಾರದ ಹೊರಗೆ ಬಣ್ಣ ಚೆಲ್ಲುವ ಭಯವಿಲ್ಲ, ಕ್ಲಿಪ್ಪಿಂಗ್ ತಡೆಯುತ್ತದೆ.

ಈ ಹಂತ ಕೂದಲಿಗಿಂತ ಮೊದಲು ಬರಬಾರದು ಎನ್ನಲು ಆಗದು, ಆದರೆ ಕುಗ್ಗಿಸುವಾಗ ಕೂದಲಿನ ಅಂಚೂ ಕುಗ್ಗುತ್ತದೆ ಎಂಬುದು ನೆನಪಿರಲಿ. ಎಳೆಗಳು ಬೇರೆ ಲೇಯರಿನಲ್ಲಿ ಇದ್ದದ್ದರಿಂದ ಇಲ್ಲಿ ಉಳಿದುಕೊಂಡವು.

ಹಿಂದಿನ ಭುಜ ಸ್ವಲ್ಪ ಫೋಕಸ್ ತಪ್ಪಿತ್ತು. ಅಲ್ಲಿ ಕತ್ತರಿಯಲ್ಲಿ ಕತ್ತರಿಸಿದಂಥ ಅಂಚು ಅಂಟಿಸಿದ ಹಾಗೆ ಕಾಣುತ್ತಿತ್ತು. ಆಕಾರದ ಲೇಯರಿನಲ್ಲಿ ಆ ಭುಜಕ್ಕೆ ಮಾತ್ರ 10 ಪಿಕ್ಸೆಲ್ ಮೃದು ಎರೇಸರ್ ಒಂದು ಸಲ ಹಾಯಿಸಿದ ಮೇಲೆ ಸರಿಯಾಯಿತು. ಮುಖ, ಕೈಗಳ ಅಂಚು 1–2 ಪಿಕ್ಸೆಲ್‌ನಷ್ಟು ಮಾತ್ರ ಮೃದುವಾಗಿದ್ದರೆ ಸಾಕು.

ಹಂತ 7: ಸೇವ್ (3 ನಿಮಿಷ)

ಲೇಯರ್ ಇರುವ ಕ್ಯಾನ್ವಾಸನ್ನು ಆ್ಯಪ್‌ನಲ್ಲಿ ಹಾಗೇ ಉಳಿಸಿದ್ದು. ಎರಡು ಹಿನ್ನೆಲೆಯ ಪ್ರತಿಗಳನ್ನು ಜೆಪೆಗ್ ಆಗಿ, ಹಿನ್ನೆಲೆಯಿಲ್ಲದ ಒಂದು ಪ್ರತಿಯನ್ನು ಪಿಎನ್‌ಜಿಯಾಗಿ ತೆಗೆದದ್ದು. ಜೆಪೆಗ್‌ನಲ್ಲಿ ಪಾರದರ್ಶಕ ಜಾಗ ಇರುವುದೇ ಇಲ್ಲ, ಅದು ಬಿಳಿ ಅಥವಾ ಕಪ್ಪಾಗಿ ತುಂಬಿಹೋಗುತ್ತದೆ. ಹಿನ್ನೆಲೆಯಿಲ್ಲದ ಪ್ರತಿಗೆ ತಿಳಿ ಹಿನ್ನೆಲೆಯ ಮಲ್ಟಿಪ್ಲೈ ಲೇಯರ್ ಸೇರುವುದಿಲ್ಲ, ಅದನ್ನು ಆಫ್ ಮಾಡಿ ಬರೆದ ಎಳೆಗಳ ಲೇಯರ್ ಮಾತ್ರ ಆನ್ ಇಡಬೇಕು.

ಪಿಎನ್‌ಜಿಯನ್ನು ಮೊದಲು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಎಂದೇ ಕಳಿಸಿದ್ದು. ಆ ಕಡೆ ತಲುಪುವಾಗ ಜೆಪೆಗ್ ಆಗಿ, ಅಳತೆ ಇಳಿದು, ಹಿನ್ನೆಲೆ ತುಂಬಿಕೊಂಡಿತ್ತು. ಡಾಕ್ಯುಮೆಂಟ್ ಆಗಿ ಮತ್ತೆ ಕಳಿಸಿದ ಮೇಲೆ 3000×4000 ಹಾಗೇ ತಲುಪಿತು.